ದಿನಕ್ಕೆ 400, ಕಾಯಿಲೆಗೆ 2000: ಹಸುಗೂಸಿನ ವಿಟಮಿನ್ ಡಿ ಹನಿಯ ಲೆಕ್ಕ

ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಬಾಣಂತಿಯ ಕೈಗೆ ಕೊಡುವ ಚೀಟಿಯಲ್ಲಿ ಮಗುವಿನ ಪಾಲಿಗೆ ಸಾಮಾನ್ಯವಾಗಿ ಒಂದೇ ಒಂದು ಔಷಧಿ ಇರುತ್ತದೆ: ವಿಟಮಿನ್ ಡಿ3 ಡ್ರಾಪ್ಸ್, ದಿನಕ್ಕೊಮ್ಮೆ. ಅದನ್ನು ನೋಡಿದ ಮನೆಯ ಹಿರಿಯರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. "ಆರು ತಿಂಗಳು ಎದೆಹಾಲು ಬಿಟ್ಟು ನೀರು ಕೂಡ ಕುಡಿಸಬೇಡಿ ಅಂತೀರಿ, ಮತ್ತೆ ಈ ಹನಿ ಯಾಕೆ?"

ಪ್ರಶ್ನೆ ನ್ಯಾಯವಾದದ್ದೇ. ಎದೆಹಾಲಿಗೆ ಸಮನಾದ ಆಹಾರ ಇನ್ನೊಂದಿಲ್ಲ. ಆದರೆ ಅದರಲ್ಲಿ ತೀರಾ ಕಡಿಮೆ ಇರುವ ಒಂದು ವಸ್ತುವೆಂದರೆ ವಿಟಮಿನ್ ಡಿ. ಒಂದು ಲೀಟರ್ ಎದೆಹಾಲಿನಲ್ಲಿ ಸಾಮಾನ್ಯವಾಗಿ 25ರಿಂದ 80 ಯೂನಿಟ್‌ಗಳಷ್ಟು ಮಾತ್ರ ಇರುತ್ತದೆ. ಪುಟ್ಟ ಮಗು ದಿನಕ್ಕೆ ಮುಕ್ಕಾಲು ಲೀಟರ್‌ನಷ್ಟು ಹಾಲು ಕುಡಿದರೂ ಅದರ ಹೊಟ್ಟೆಗೆ ಸೇರುವುದು 20ರಿಂದ 60 ಯೂನಿಟ್. ಅದಕ್ಕೆ ಬೇಕಾಗಿರುವುದು 400. ವಿಶ್ವ ಆರೋಗ್ಯ ಸಂಸ್ಥೆ 'ಎದೆಹಾಲು ಮಾತ್ರ' ಎಂದು ಹೇಳುವಾಗಲೂ ವಿಟಮಿನ್ ಹನಿ ಮತ್ತು ಔಷಧಿಯನ್ನು ಆ ಕಟ್ಟುಪಾಡಿನಿಂದ ಹೊರಗಿಟ್ಟಿದೆ. ಹನಿ ಹಾಕಿದರೆ ಎದೆಹಾಲಿನ ನಿಯಮವೇನೂ ಮುರಿಯುವುದಿಲ್ಲ.

ಈ 400 ಎಂಬುದು ತಡೆಯುವ ಪ್ರಮಾಣ. ಆರೋಗ್ಯವಾಗಿರುವ ಮಗುವಿಗೆ ಮೂಳೆಯ ಕಾಯಿಲೆ ಬಾರದಂತೆ ದಿನವೂ ಕೊಡುವಂಥದ್ದು. ಕಾಯಿಲೆ, ಅಂದರೆ ರಿಕೆಟ್ಸ್, ಬಂದೇಬಿಟ್ಟಿದೆ ಎಂದಾದರೆ ಅದಕ್ಕೆ ಬೇರೆಯದೇ ಪ್ರಮಾಣವಿದೆ: ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ 2000 ಯೂನಿಟ್, ಕನಿಷ್ಠ ಮೂರು ತಿಂಗಳು. ಎರಡೂ ಒಂದೇ ವಿಟಮಿನ್, ಬಹುಪಾಲು ಒಂದೇ ಬಗೆಯ ಬಾಟಲಿ. ಇವೆರಡನ್ನು ಒಂದರ ಬದಲು ಒಂದು ಬಳಸಿದಾಗಲೇ ತೊಂದರೆ ಶುರುವಾಗುವುದು.

ತಾಯಿಯಿಂದ ಬಂದ ದಾಸ್ತಾನು

ಗರ್ಭದಲ್ಲಿದ್ದಾಗ ಮಗುವಿಗೆ ವಿಟಮಿನ್ ಡಿ ಸಿಗುವುದು ತಾಯಿಯ ರಕ್ತದಿಂದ, ಹೊಕ್ಕುಳಬಳ್ಳಿಯ ಮೂಲಕ. ಹುಟ್ಟಿದ ಮಗುವಿನ ರಕ್ತದಲ್ಲಿ ಅದರ ಮಟ್ಟ ತಾಯಿಯ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇರುತ್ತದೆ. ತಾಯಿಗೇ ಕೊರತೆಯಿದ್ದರೆ ಮಗು ಹುಟ್ಟುವುದೇ ಕೊರತೆಯೊಂದಿಗೆ. ರಕ್ತದಲ್ಲಿರುವ ಈ ದಾಸ್ತಾನು ಎರಡು ಮೂರು ವಾರಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಚೆನ್ನಾಗಿದ್ದ ತಾಯಿಯ ಮಗುವಿಗೂ ಅದು ಕೆಲವು ವಾರಗಳ ಮಟ್ಟಿಗೆ ಮಾತ್ರ ಬರುತ್ತದೆ. ಆದ್ದರಿಂದಲೇ ಹನಿಯನ್ನು ಹುಟ್ಟಿದ ಮೊದಲ ದಿನಗಳಲ್ಲೇ ಶುರುಮಾಡಬೇಕೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತವೆ. ಒಂದು ವರ್ಷ ತುಂಬುವವರೆಗೆ ನಿಲ್ಲಿಸಬಾರದು. ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಕ್ಕಳ ಲೆಕ್ಕವನ್ನು ಅವರನ್ನು ನೋಡಿಕೊಳ್ಳುತ್ತಿರುವ ವೈದ್ಯರೇ ಹೇಳಬೇಕು.

"ನಮ್ಮಲ್ಲಿ ಬಿಸಿಲಿಗೇನು ಬರ?" ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಬಿಸಿಲಿಗೆ ಬರವಿಲ್ಲ ನಿಜ, ಆದರೆ ಅದು ಮಗುವಿನ ಚರ್ಮಕ್ಕೆ ತಲುಪುವುದಿಲ್ಲ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಿರುವುದು ನೇರಳಾತೀತ ಕಿರಣಗಳಲ್ಲಿ 'ಬಿ' ಎಂಬ ಬಗೆ. ಸೂರ್ಯ ನೆತ್ತಿಯ ಮೇಲಿರುವ ಹೊತ್ತಿನಲ್ಲಿ ಅದು ಹೇರಳ. ಎಳೆಬಿಸಿಲಿನಲ್ಲಿ ತೀರಾ ಅಲ್ಪ. ಎಣ್ಣೆ ಹಚ್ಚಿ ಬೆಳಗಿನ ಏಳು ಗಂಟೆಯ ಬಿಸಿಲಿಗೆ ಮಗುವನ್ನು ಮಲಗಿಸುವ ರೂಢಿ ಹಿತವಾದದ್ದು, ಆದರೆ ಮೂಳೆಯ ಲೆಕ್ಕಕ್ಕೆ ಅದರಿಂದ ಬರುವುದು ಅಷ್ಟಕ್ಕಷ್ಟೆ. ಕಿಟಕಿಯ ಗಾಜಿನ ಹಿಂದೆ ಮಲಗಿಸಿದರೆ ಅದೂ ಇಲ್ಲ, ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಹಾಗೆಂದು ನಡುಹಗಲ ಬಿಸಿಲಿಗೆ ಹಸುಗೂಸನ್ನು ಒಡ್ಡುವುದು ಸಲ್ಲ. ಅದರ ಚರ್ಮ ತೆಳು, ಬೇಗ ಸುಡುತ್ತದೆ.

ಇದರ ಮೇಲೆ ನಮ್ಮ ಬಾಣಂತನದ ಪದ್ಧತಿಯೊಂದಿದೆ. ಗಾಳಿ ತಾಗಬಾರದೆಂದು ಕದ ಹಾಕಿದ ಕೋಣೆ, ತಲೆಗೂ ಕಿವಿಗೂ ಬಟ್ಟೆ, ಮೂರೋ ಐದೋ ತಿಂಗಳು ಹೊಸ್ತಿಲು ದಾಟದ ತಾಯಿ ಮತ್ತು ಮಗು. ಬಾಣಂತಿಗೆ ವಿಶ್ರಾಂತಿ ಸಿಗಲೆಂಬ ಕಾಳಜಿಯಿಂದ ಬಂದ ಪದ್ಧತಿಯಿದು. ಆದರೆ ಮಗುವಿನ ದಾಸ್ತಾನು ಖಾಲಿಯಾಗುವುದೂ ಅದೇ ತಿಂಗಳುಗಳಲ್ಲಿ. ನಗರದ ಫ್ಲ್ಯಾಟುಗಳಲ್ಲಿ ಬಾಣಂತನ ಮುಗಿದ ಮೇಲೂ ಪರಿಸ್ಥಿತಿ ಹೆಚ್ಚು ಬದಲಾಗುವುದಿಲ್ಲ. ಕೇಂದ್ರ ಸರ್ಕಾರ 2016ರಿಂದ 2018ರವರೆಗೆ ನಡೆಸಿದ ಮಕ್ಕಳ ಸಮಗ್ರ ಪೌಷ್ಟಿಕತೆ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇ. 14ರಷ್ಟು ಮಂದಿಗೂ ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಶೇ. 24ರಷ್ಟು ಮಂದಿಗೂ ವಿಟಮಿನ್ ಡಿ ಕೊರತೆ ಕಂಡುಬಂದಿತು. ಈ ಎರಡನೆಯ ಗುಂಪಿನ ಹುಡುಗಿಯರು ನಾಳೆಯ ತಾಯಂದಿರು.

400 ಎಂಬ ಅಂಕಿ ಎಲ್ಲಿಂದ ಬಂತು?

ಕಳೆದ ಶತಮಾನದ ಮೊದಲರ್ಧದಲ್ಲಿ ಯುರೋಪು ಮತ್ತು ಅಮೆರಿಕದ ತಾಯಂದಿರು ಮಕ್ಕಳಿಗೆ ಕಾಡ್ ಎಂಬ ಮೀನಿನ ಎಣ್ಣೆಯನ್ನು ಕುಡಿಸುತ್ತಿದ್ದರು. ಒಂದು ಟೀಚಮಚದಷ್ಟು ಎಣ್ಣೆಯಲ್ಲಿ ಇರುತ್ತಿದ್ದ ವಿಟಮಿನ್ ಡಿ ಹೆಚ್ಚುಕಡಿಮೆ 400 ಯೂನಿಟ್. ಅಷ್ಟು ಕುಡಿದ ಮಕ್ಕಳಿಗೆ ರಿಕೆಟ್ಸ್ ಬರಲಿಲ್ಲ, ತೊಂದರೆಯೂ ಆಗಲಿಲ್ಲ. ಅನುಭವದಿಂದ ಬಂದ ಈ ಅಂಕಿಯನ್ನು ವಿಜ್ಞಾನಿಗಳು ಆಮೇಲೆ ಹಲವು ಬಗೆಯಲ್ಲಿ ಪರೀಕ್ಷಿಸಿದರು.

ಅಂಥ ಒಂದು ಪರೀಕ್ಷೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆಯಿತು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಎದೆಹಾಲು ಕುಡಿಯುವ 132 ಶಿಶುಗಳನ್ನು ನಾಲ್ಕು ಗುಂಪು ಮಾಡಿ ದಿನಕ್ಕೆ 400, 800, 1200 ಮತ್ತು 1600 ಯೂನಿಟ್ ಕೊಟ್ಟು ನೋಡಿದರು. ಹೆಚ್ಚು ಕೊಟ್ಟ ಮಕ್ಕಳ ರಕ್ತದಲ್ಲಿ ವಿಟಮಿನ್‌ನ ಮಟ್ಟ ಏರಿತು. ಆದರೆ ಮೂಳೆ ಗಟ್ಟಿಯಾಗುವುದರಲ್ಲಿ, ಮಗುವಿನ ಬೆಳವಣಿಗೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. 1600 ಯೂನಿಟ್‌ನ ಗುಂಪಿನಲ್ಲಂತೂ ರಕ್ತದ ಮಟ್ಟ ಆತಂಕಪಡುವಷ್ಟು ಮೇಲೇರಿದ್ದರಿಂದ ಆ ಪ್ರಮಾಣವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆರೋಗ್ಯವಾಗಿರುವ ಮಗುವಿಗೆ 400 ಸಾಕು, ಅದಕ್ಕಿಂತ ಹೆಚ್ಚು ಕೊಟ್ಟರೆ ಮೂಳೆಗೆ ಹೆಚ್ಚಿನ ಲಾಭವಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಇಡೀ ಸಮುದಾಯಕ್ಕೆ ಇದನ್ನು ಕೊಟ್ಟರೆ ಏನಾಗುತ್ತದೆಂದು ತೋರಿಸಿದ್ದು ಟರ್ಕಿ. ಅಲ್ಲಿನ ಪೂರ್ವ ಭಾಗದಲ್ಲಿ 1998ರಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ತಪಾಸಣೆ ಮಾಡಿದಾಗ ಶೇ. 6ರಷ್ಟು ಮಕ್ಕಳಲ್ಲಿ ರಿಕೆಟ್ಸ್ ಇತ್ತು. ಸರ್ಕಾರ 2005ರಲ್ಲಿ ದೇಶದ ಎಲ್ಲ ಶಿಶುಗಳಿಗೂ ದಿನಕ್ಕೆ 400 ಯೂನಿಟ್‌ನ ಹನಿಯನ್ನು ಉಚಿತವಾಗಿ ಹಂಚಲು ಶುರುಮಾಡಿತು. ಕೆಲವೇ ವರ್ಷಗಳಲ್ಲಿ ಅದೇ ಪ್ರದೇಶದಲ್ಲಿ ಮತ್ತೆ ತಪಾಸಣೆ ಮಾಡಿದಾಗ ಕಾಯಿಲೆ ಶೇ. 0.1ರ ಆಸುಪಾಸಿಗೆ ಇಳಿದಿತ್ತು.

ತಾಯಿಯೇ ಹೆಚ್ಚು ವಿಟಮಿನ್ ತೆಗೆದುಕೊಂಡರೆ ಹಾಲಿನಲ್ಲೇ ಬರುವುದಿಲ್ಲವೇ? ಬರುತ್ತದೆ. ದಿನಕ್ಕೆ 6400 ಯೂನಿಟ್ ತೆಗೆದುಕೊಂಡ ತಾಯಂದಿರ ಮಕ್ಕಳಿಗೆ ಹಾಲಿನ ಮೂಲಕವೇ ಸಾಕಷ್ಟು ಸಿಕ್ಕಿತೆಂದು ಅಮೆರಿಕದ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಆದರೆ ಅದು ತಾಯಿಯ ಸಾಮಾನ್ಯ ಅಗತ್ಯದ ಹತ್ತು ಪಟ್ಟಿಗಿಂತ ಹೆಚ್ಚು. ಬಾಣಂತಿಯರ ಕ್ಯಾಲ್ಸಿಯಂ ಮಾತ್ರೆಯಲ್ಲಿ ಇರುವ ಅಲ್ಪಸ್ವಲ್ಪ ವಿಟಮಿನ್ ಡಿಯಿಂದ ಈ ಕೆಲಸ ಆಗುವುದಿಲ್ಲ. ಮಗುವಿಗೆ ನೇರವಾಗಿ ಹನಿ ಹಾಕುವುದೇ ಸುಲಭವಾದ, ಎಲ್ಲೆಡೆ ಒಪ್ಪಿತವಾದ ದಾರಿ.

ಹನಿ ತಪ್ಪಿದ ಮಗು

ಈಗ ಹತ್ತು ತಿಂಗಳ ಒಂದು ಮಗುವನ್ನು ನೋಡೋಣ. ಇದು ಯಾವುದೋ ಒಂದು ಮನೆಯ ಮಗುವಲ್ಲ. ಮಕ್ಕಳ ವಿಭಾಗಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಲಕ್ಷಣಗಳನ್ನು ಒಂದೆಡೆ ಸೇರಿಸಿದ ಚಿತ್ರ. ಮಗುವಿಗೆ ಎದೆಹಾಲು ಚೆನ್ನಾಗಿ ಸಿಕ್ಕಿದೆ. ಆರು ತಿಂಗಳ ಮೇಲೆ ಅನ್ನದ ಗಂಜಿ, ಬಾಳೆಹಣ್ಣು ಶುರುವಾಗಿದೆ. ಮೊದಲ ಬಾಟಲಿ ಹನಿ ಮುಗಿದ ಮೇಲೆ ಎರಡನೆಯದು ತರಲಿಲ್ಲ. ನೋಡಲು ದುಂಡಗಿದೆ, ತೂಕವೂ ಪರವಾಗಿಲ್ಲ. ಆದರೆ ಇನ್ನೂ ಸರಿಯಾಗಿ ಕೂರುವುದಿಲ್ಲ, ಒಂದು ಹಲ್ಲೂ ಬಂದಿಲ್ಲ, ನಿದ್ದೆಯಲ್ಲಿ ತಲೆ ಬೆವರುತ್ತದೆ. ಮಗುವಿನ ಕೈಗೆ ಹಾಕಿದ್ದ ಕಪ್ಪು ಬಳೆ ಬದಲಿಸಲು ಹೋದ ಅಜ್ಜಿಗೆ ಮಣಿಕಟ್ಟು ಮಾತ್ರ ದಪ್ಪವಾಗಿ ಉಬ್ಬಿರುವುದು ಕಣ್ಣಿಗೆ ಬೀಳುತ್ತದೆ. ಮುಂಗೈ ಸಪೂರ, ಅಂಗೈ ಸಪೂರ, ನಡುವೆ ಗಂಟಿನಂಥ ಉಬ್ಬು.

ವೈದ್ಯರು ಮೊದಲು ಮುಟ್ಟಿ ನೋಡುವುದು ಆ ಮಣಿಕಟ್ಟನ್ನೇ. ಆಮೇಲೆ ನೆತ್ತಿಯ ಮೆತ್ತನೆಯ ಜಾಗವನ್ನು. ಅದು ಈ ವಯಸ್ಸಿಗೆ ಇರಬೇಕಾದದ್ದಕ್ಕಿಂತ ಅಗಲವಾಗಿರುತ್ತದೆ. ಎದೆಯ ಮೇಲೆ ಬೆರಳಾಡಿಸಿದರೆ ಪಕ್ಕೆಲುಬುಗಳು ಮುಂದೆ ಮೃದ್ವಸ್ಥಿಗೆ ಸೇರುವ ಕಡೆ ಸಾಲಾಗಿ ಮಣಿ ಪೋಣಿಸಿದಂತೆ ಗಂಟುಗಳು ಸಿಗುತ್ತವೆ. ನಿಂತು ನಡೆಯುವ ವಯಸ್ಸಾಗಿದ್ದರೆ ಕಾಲು ಬಿಲ್ಲಿನ ಹಾಗೆ ಬಾಗಿರುತ್ತಿತ್ತು.

ಒಳಗೆ ನಡೆದಿರುವುದು ಇಷ್ಟು. ಮೂಳೆ ಉದ್ದ ಬೆಳೆಯುವುದು ಅದರ ತುದಿಯಲ್ಲಿ. ಅಲ್ಲಿ ಮೊದಲು ಮೆತ್ತಗಿನ ಮೃದ್ವಸ್ಥಿ ಬೆಳೆದು, ಆಮೇಲೆ ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಗಟ್ಟಿಯಾಗುತ್ತದೆ. ಆಹಾರದಲ್ಲಿರುವ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ಅದಿಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಇಳಿಯತೊಡಗುತ್ತದೆ. ಹೃದಯ, ನರ, ಸ್ನಾಯುಗಳಿಗೆ ಅದು ಬೇಕೇಬೇಕಾದ್ದರಿಂದ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸಿ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಡುತ್ತವೆ, ಜೊತೆಗೆ ರಂಜಕ ಮೂತ್ರದಲ್ಲಿ ಸೋರಿಹೋಗುತ್ತದೆ. ಮೂಳೆಯ ತುದಿ ಬೆಳೆಯುತ್ತಲೇ ಇರುತ್ತದೆ, ಗಟ್ಟಿಯಾಗುವುದಿಲ್ಲ. ಸಿಮೆಂಟ್ ಗಟ್ಟಿಯಾಗುವ ಮೊದಲೇ ಸೆಂಟ್ರಿಂಗ್ ಬಿಚ್ಚಿದ ಹಾಗೆ, ಭಾರ ಬಿದ್ದ ಕಡೆ ಬಾಗುತ್ತದೆ.

ಮಣಿಕಟ್ಟಿನ ಎಕ್ಸ್-ರೇಯಲ್ಲಿ ಇದು ಕಾಣುತ್ತದೆ. ಆರೋಗ್ಯವಂತ ಮಗುವಿನ ಮೂಳೆಯ ತುದಿ ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ. ಇಲ್ಲಿ ತುದಿ ಅಗಲವಾಗಿ, ಬಟ್ಟಲಿನಂತೆ ಒಳಕ್ಕೆ ಬಾಗಿ, ಅಂಚು ಎಳೆ ಬಿಟ್ಟ ಬಟ್ಟೆಯಂತೆ ಅಸ್ಪಷ್ಟವಾಗಿರುತ್ತದೆ. ರಕ್ತ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರಿರುತ್ತದೆ, ರಂಜಕ ಇಳಿದಿರುತ್ತದೆ, ವಿಟಮಿನ್ ಡಿ ಸಾಮಾನ್ಯವಾಗಿ ಮಿಲಿಲೀಟರಿಗೆ 12 ನ್ಯಾನೋಗ್ರಾಂಗಿಂತ ಕೆಳಗಿರುತ್ತದೆ. ರಿಕೆಟ್ಸ್ ಎಂದು ತೀರ್ಮಾನವಾಗುವುದು ಇವೆಲ್ಲವನ್ನೂ ಒಟ್ಟಿಗೆ ನೋಡಿದ ಮೇಲೆ, ವಿಟಮಿನ್ ಡಿ ಪರೀಕ್ಷೆಯ ಒಂದೇ ಅಂಕಿಯಿಂದಲ್ಲ.

ಇನ್ನೂ ಚಿಕ್ಕ ಮಕ್ಕಳಲ್ಲಿ ಕಾಯಿಲೆ ಬೇರೆ ರೂಪದಲ್ಲಿ ಬರುತ್ತದೆ. ಎರಡು ಮೂರು ತಿಂಗಳ ಕೂಸಿನ ಮೂಳೆಯಲ್ಲಿ ಏನೂ ಕಾಣದಿರಬಹುದು, ಆದರೆ ರಕ್ತದ ಕ್ಯಾಲ್ಸಿಯಂ ಥಟ್ಟನೆ ಇಳಿದು ಫಿಟ್ಸ್ ಬರುತ್ತದೆ. ಜ್ವರವಿಲ್ಲದೆ ಬಂದ ಫಿಟ್ಸ್ ಎಂದರೆ ವೈದ್ಯರು ತಕ್ಷಣ ಕ್ಯಾಲ್ಸಿಯಂ ಪರೀಕ್ಷಿಸುವುದು ಇದಕ್ಕಾಗಿಯೇ. ಅಪರೂಪಕ್ಕೆ ಹೃದಯದ ಸ್ನಾಯು ಸೋತು ಉಸಿರಾಟ ಕಷ್ಟವಾಗುವುದೂ ಉಂಟು. ಇದು ಮನೆಯಲ್ಲಿ ಹನಿ ಹಾಕಿ ನೋಡೋಣ ಎನ್ನುವ ಹೊತ್ತಲ್ಲ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಕೊಡಬೇಕಾಗುತ್ತದೆ.

ಚಿಕಿತ್ಸೆಯ 90 ದಿನ

ನಮ್ಮ ಹತ್ತು ತಿಂಗಳ ಮಗುವಿಗೆ ಈಗ 400 ಯೂನಿಟ್ ಸಾಲದು. ಖಾಲಿಯಾದ ದಾಸ್ತಾನು ತುಂಬಬೇಕು, ಮೂಳೆಯ ತುದಿಗಳು ಗಟ್ಟಿಯಾಗಬೇಕು. 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಸಹಮತದ ಮಾರ್ಗಸೂಚಿಯೂ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಈ ವಯಸ್ಸಿಗೆ ಹೇಳುವುದು ದಿನಕ್ಕೆ 2000 ಯೂನಿಟ್, ಕನಿಷ್ಠ ಮೂರು ತಿಂಗಳು. ಒಂದು ವರ್ಷ ದಾಟಿದ ಮಕ್ಕಳಿಗೆ ಅದು 3000ದಿಂದ ಶುರುವಾಗುತ್ತದೆ.

ಜೊತೆಗೆ ಕ್ಯಾಲ್ಸಿಯಂ. ವಿಟಮಿನ್ ಡಿ ಎಷ್ಟೇ ಕೊಟ್ಟರೂ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಒಳಗೆ ತೆಗೆದುಕೊಳ್ಳಲು ಏನೂ ಇರುವುದಿಲ್ಲ. ಚಿಕಿತ್ಸೆಯ ಉದ್ದಕ್ಕೂ ಆಹಾರದಿಂದಲೋ ಔಷಧಿಯಿಂದಲೋ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗಬೇಕು. ಇಲ್ಲಿ ಕನ್ನಡನಾಡಿನ ಅಡುಗೆಮನೆಗೆ ಒಂದು ಅನುಕೂಲವಿದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಲೇಶ ಮಾತ್ರ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಡಿದ ಸರಿ ಹಿಟ್ಟಿನಲ್ಲಿ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯಾಗುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ. ಅನ್ನದ ಗಂಜಿಯ ಬದಲು ರಾಗಿ ಸರಿ ತಿನ್ನಿಸುವುದು ಚಿಕಿತ್ಸೆಗೆ ದೊಡ್ಡ ಆಸರೆ. ಆದರೆ ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಸರಿ ತಿನ್ನುತ್ತದೆಂದು ಹನಿ ನಿಲ್ಲಿಸಿದರೆ ಲೆಕ್ಕ ಮತ್ತೆ ತಪ್ಪುತ್ತದೆ.

ಬಾಟಲಿಯ ಲೆಕ್ಕ ಈಗ ಮಾಡಿ ನೋಡಬೇಕು, ಏಕೆಂದರೆ ಚಿಕಿತ್ಸೆ ಸೋಲುವುದು ಹೆಚ್ಚಾಗಿ ಇಲ್ಲಿ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಹನಿಗಳಲ್ಲಿ ಕೆಲವು ಮಿಲಿಲೀಟರಿಗೆ 400 ಯೂನಿಟ್‌ನವು, ಕೆಲವು 800 ಯೂನಿಟ್‌ನವು. 800ರ ಬಾಟಲಿಯಾದರೆ ತಡೆಯುವ ಪ್ರಮಾಣಕ್ಕೆ ಅರ್ಧ ಮಿಲಿಲೀಟರ್ ಸಾಕು, ಚಿಕಿತ್ಸೆಗೆ ಎರಡೂವರೆ ಮಿಲಿಲೀಟರ್ ಬೇಕು. 30 ಮಿಲಿಲೀಟರಿನ ಬಾಟಲಿ ಮೊದಲನೆಯದಕ್ಕೆ 60 ದಿನ ಬರುತ್ತದೆ, ಎರಡನೆಯದಕ್ಕೆ 12 ದಿನ. ಅಂದರೆ 90 ದಿನದ ಚಿಕಿತ್ಸೆಗೆ ಎಂಟು ಬಾಟಲಿ. ಇದನ್ನು ಮೊದಲೇ ಹೇಳದಿದ್ದರೆ ಒಂದು ಬಾಟಲಿ ಮುಗಿದ ಕೂಡಲೇ ಔಷಧಿಯೂ ಮುಗಿಯಿತೆಂದು ಮನೆಯವರು ತಿಳಿಯುತ್ತಾರೆ. ಹನ್ನೆರಡನೆಯ ದಿನಕ್ಕೆ ಚಿಕಿತ್ಸೆ ನಿಂತುಹೋಗುತ್ತದೆ.

ದಿನವೂ ಕೊಡಲು ಆಗದ ಮನೆಗಳಿಗೆ ದೊಡ್ಡ ಪ್ರಮಾಣವನ್ನು ಒಮ್ಮೆಲೇ ಕೊಡುವ ಇನ್ನೊಂದು ವಿಧಾನವಿದೆ. ಮೂರು ತಿಂಗಳಿಂದ ಒಂದು ವರ್ಷದ ಮಕ್ಕಳಿಗೆ ಅದು 50,000 ಯೂನಿಟ್, ವೈದ್ಯರ ಉಸ್ತುವಾರಿಯಲ್ಲಿ ಮಾತ್ರ. ಮೂರು ತಿಂಗಳೊಳಗಿನ ಕೂಸಿಗೆ ಇದು ಸಲ್ಲದು. ಆರು ಲಕ್ಷ ಯೂನಿಟ್‌ನ ಇಂಜೆಕ್ಷನ್ ಚುಚ್ಚುವ ಹಳೆಯ ರೂಢಿ ಹಸುಗೂಸುಗಳಿಗೆ ಅಪಾಯಕಾರಿ. ಬಾಯಿಯ ಮೂಲಕ ದಿನವೂ ಕೊಡುವುದೇ ಒಳ್ಳೆಯದೆಂಬ ಬಗ್ಗೆ ಈಗ ತಜ್ಞರಲ್ಲಿ ಒಮ್ಮತವಿದೆ.

ಗುಣವಾಗುತ್ತಿದೆಯೇ ಎಂದು ತಿಳಿಯಲು ಮೂರು ತಿಂಗಳು ಕಾಯಬೇಕಿಲ್ಲ. ನಾಲ್ಕು ವಾರಗಳ ಹೊತ್ತಿಗೆ ಎಕ್ಸ್-ರೇಯಲ್ಲಿ ಮೂಳೆಯ ತುದಿಯುದ್ದಕ್ಕೂ ಒಂದು ಹೊಸ ಬಿಳಿ ಗೆರೆ ಕಾಣಿಸಿಕೊಳ್ಳುತ್ತದೆ. ಮೃದ್ವಸ್ಥಿಗೆ ಸುಣ್ಣ ಸೇರುತ್ತಿರುವ ಗುರುತು ಅದು. ಮುಂದಿನ ವಾರಗಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ಇಳಿಯುತ್ತದೆ, ಮಗು ಹುರುಪಾಗಿ ಕೂತು ಆಡತೊಡಗುತ್ತದೆ. ಮಣಿಕಟ್ಟಿನ ಉಬ್ಬು ಕರಗಲು ಇನ್ನಷ್ಟು ತಿಂಗಳು ಬೇಕು. ಔಷಧಿ ಸರಿಯಾಗಿ ಕೊಟ್ಟೂ ಮೂರು ತಿಂಗಳಲ್ಲಿ ಎಕ್ಸ್-ರೇ ಬದಲಾಗದಿದ್ದರೆ ಪ್ರಮಾಣವನ್ನು ಸುಮ್ಮನೆ ಏರಿಸುತ್ತ ಹೋಗಬಾರದು. ಮೂತ್ರಪಿಂಡದಲ್ಲಿ ರಂಜಕ ಸೋರುವ ವಂಶವಾಹಿ ಕಾಯಿಲೆಯಂಥ ಬೇರೆ ಕಾರಣ ಇರಬಹುದು. ಅದರ ಚಿಕಿತ್ಸೆಯೇ ಬೇರೆ.

ಮೂರು ತಿಂಗಳು ಮುಗಿದು ಮೂಳೆ ಗುಣವಾದ ಮೇಲೆ ಮಗು ಮತ್ತೆ ತಡೆಯುವ ಪ್ರಮಾಣಕ್ಕೆ ಮರಳಬೇಕು. ಒಂದು ವರ್ಷದೊಳಗೆ 400, ಆಮೇಲೆ 600. ನಮ್ಮ ಉದಾಹರಣೆಯ ಮಗುವಿಗೆ ಅಷ್ಟರಲ್ಲಿ ಹದಿಮೂರು ತಿಂಗಳಾಗಿರುತ್ತದೆ, ಆದ್ದರಿಂದ ಅದಕ್ಕೆ 600.

ಹೆಚ್ಚಾದರೆ ಏನಾಗುತ್ತದೆ?

ನೀರಿನಲ್ಲಿ ಕರಗುವ ಬಿ, ಸಿ ವಿಟಮಿನ್‌ಗಳು ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತವೆ. ವಿಟಮಿನ್ ಡಿ ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮಗು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಮಲಬದ್ಧತೆಯಾಗುತ್ತದೆ, ಮೇಲಿಂದ ಮೇಲೆ ಮೂತ್ರ ಮಾಡಿ ಒಣಗುತ್ತದೆ, ಮಂಕಾಗುತ್ತದೆ. ತೂಕ ಏರುವುದು ನಿಲ್ಲುತ್ತದೆ. ಹಾಗೇ ಮುಂದುವರಿದರೆ ಮೂತ್ರಪಿಂಡದಲ್ಲಿ ಸುಣ್ಣ ಕೂರುತ್ತದೆ. ಹನಿ ನಿಲ್ಲಿಸಿದ ಮೇಲೂ ಕೊಬ್ಬಿನಲ್ಲಿರುವ ದಾಸ್ತಾನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಡುತ್ತದೆ.

ಬ್ರಿಟನ್ ಇದನ್ನು ಇಡೀ ದೇಶದ ಮಟ್ಟದಲ್ಲಿ ಕಂಡಿತು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಶಿಶುಗಳ ಹಾಲಿನ ಪುಡಿಗೂ ಧಾನ್ಯದ ಆಹಾರಕ್ಕೂ ವಿಟಮಿನ್ ಡಿ ಸೇರಿಸುತ್ತಿದ್ದರು, ಮೇಲೆ ಕಾಡ್ ಮೀನಿನ ಎಣ್ಣೆ ಬೇರೆ. ಎಲ್ಲ ಸೇರಿ ಕೆಲವು ಮಕ್ಕಳಿಗೆ ದಿನಕ್ಕೆ 4000 ಯೂನಿಟ್‌ನಷ್ಟು ಸಿಗುತ್ತಿತ್ತು. 1950ರ ದಶಕದ ಆರಂಭದಲ್ಲಿ ಕ್ಯಾಲ್ಸಿಯಂ ಏರಿ ಸೊರಗಿದ ಶಿಶುಗಳು ಆಸ್ಪತ್ರೆಗಳಿಗೆ ಬರತೊಡಗಿದವು. 1957ರಲ್ಲಿ ಸರ್ಕಾರ ಆಹಾರದಲ್ಲಿ ಬೆರೆಸುವ ಪ್ರಮಾಣವನ್ನು ಇಳಿಸಿತು. ಅಷ್ಟೇ ತಿಂದ ಎಲ್ಲ ಮಕ್ಕಳಿಗೂ ಹಾಗೇಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿದ್ದು 2011ರಲ್ಲಿ: ಹೆಚ್ಚಾದ ವಿಟಮಿನ್ ಡಿಯನ್ನು ಒಡೆದುಹಾಕುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಯಾವ ಮಗು ಅಂಥದ್ದೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅಮೆರಿಕದ ವೈದ್ಯಕೀಯ ಸಂಸ್ಥೆ ಆರು ತಿಂಗಳವರೆಗೆ ದಿನಕ್ಕೆ 1000, ಆರರಿಂದ ಹನ್ನೆರಡು ತಿಂಗಳವರೆಗೆ 1500 ಯೂನಿಟ್ ಎಂದು ಮೇಲಿನ ಮಿತಿ ಹಾಕಿದೆ. ಚಿಕಿತ್ಸೆಯ 2000 ಆ ಮಿತಿಯನ್ನು ದಾಟುತ್ತದೆ. ಹಾಗಾಗಿಯೇ ಅದು ಕಾಯಿಲೆ ಖಚಿತವಾದ ಮಗುವಿಗೆ, ಗೊತ್ತಾದ ಅವಧಿಗೆ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರ.

ಮನೆಗಳಲ್ಲಿ ನಡೆಯುವ ಅತಿ ದೊಡ್ಡ ತಪ್ಪು ದೊಡ್ಡವರ ಔಷಧಿಯದು. ದೊಡ್ಡವರಿಗೆ ವಾರಕ್ಕೊಂದರಂತೆ ಕೊಡುವ 60,000 ಯೂನಿಟ್‌ನ ಪುಡಿಯ ಪೊಟ್ಟಣ ಮತ್ತು ಐದು ಮಿಲಿಲೀಟರಿನ ಪುಟ್ಟ ಶೀಶೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ಆ ಶೀಶೆಯ ಒಂದು ಮಿಲಿಲೀಟರಿನಲ್ಲಿ 12,000 ಯೂನಿಟ್ ಇದೆ. 'ಡಿ3, ದಿನಕ್ಕೆ ಒಂದು ಎಂಎಲ್' ಎಂದು ಬರೆದ ಚೀಟಿಗೆ ಅಂಗಡಿಯವರು ಇದನ್ನು ಕೊಟ್ಟು, ಮನೆಯವರು ಹಾಗೇ ಕುಡಿಸಿದರೆ ಮಗುವಿಗೆ ಹೋಗುವುದು ಬೇಕಾದದ್ದರ ಮೂವತ್ತು ಪಟ್ಟು. ಒಂದೇ ತಿಂಗಳಲ್ಲಿ 3,60,000 ಯೂನಿಟ್. ರಿಕೆಟ್ಸ್ ಬಂದ ಮಗುವಿನ ಪೂರ್ತಿ ಮೂರು ತಿಂಗಳ ಚಿಕಿತ್ಸೆಗೆ ಬೇಕಾಗುವುದೇ 1,80,000.

ಎರಡನೆಯ ತಪ್ಪು ಹನಿ ಮತ್ತು ಮಿಲಿಲೀಟರಿನ ಗೊಂದಲ. ಅಮೆರಿಕ, ಕೆನಡಾದಲ್ಲಿ ಒಂದೇ ಹನಿಯಲ್ಲಿ 400 ಯೂನಿಟ್ ಇರುವ ಬಾಟಲಿಗಳು ಸಾಮಾನ್ಯ. ಅಲ್ಲಿರುವ ಮಗಳೋ ಮಗನೋ ಊರಿಗೆ ಬಂದಾಗ ತಂದ ಆ ಬಾಟಲಿಯಿಂದ ಇಲ್ಲಿನ ಅಭ್ಯಾಸದಂತೆ ಒಂದು ಮಿಲಿಲೀಟರ್ ಹೀರಿ ಹಾಕಿದರೆ ಹತ್ತಾರು ಹನಿಗಳಾಗುತ್ತವೆ. ತದ್ವಿರುದ್ಧ ತಪ್ಪೂ ಉಂಟು: ಮಿಲಿಲೀಟರಿಗೆ 400ರ ನಮ್ಮ ಬಾಟಲಿಯಿಂದ ಒಂದೇ ಹನಿ ಹಾಕಿದರೆ ಮಗುವಿಗೆ ಹೆಚ್ಚೇನೂ ಸಿಗುವುದಿಲ್ಲ. ಡ್ರಾಪರ್‌ನ ಗೊಂದಲದಿಂದ ಶಿಶುಗಳಿಗೆ ವಿಟಮಿನ್ ಡಿ ಅತಿಯಾಗುವ ಅಪಾಯದ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಲ್ಲಿ ಎಚ್ಚರಿಕೆ ಹೊರಡಿಸಿ, ಬಾಟಲಿಯ ಜೊತೆ ಬರುವ ಡ್ರಾಪರ್‌ನಲ್ಲಿ 400 ಯೂನಿಟ್‌ಗಿಂತ ಹೆಚ್ಚು ಹಿಡಿಯಬಾರದೆಂದು ಕಂಪನಿಗಳಿಗೆ ಹೇಳಿತು.

ಮೂರನೆಯದು ಒಂದರ ಮೇಲೊಂದು ಸೇರುವುದು. ಮಲ್ಟಿವಿಟಮಿನ್ ಹನಿಗಳಲ್ಲಿ ಬಹುತೇಕ ವಿಟಮಿನ್ ಡಿ ಇರುತ್ತದೆ, ಹಲವು ಕ್ಯಾಲ್ಸಿಯಂ ಸಿರಪ್‌ಗಳಲ್ಲೂ ಇರುತ್ತದೆ. ಇಬ್ಬರು ವೈದ್ಯರು ಬರೆದ ಎರಡು ಔಷಧಿಯಲ್ಲಿ ಒಂದೇ ವಿಟಮಿನ್ ಇದ್ದರೆ ಒಟ್ಟು ಎಷ್ಟಾಯಿತೆಂದು ಯಾರೂ ಕೂಡಿಸಿ ನೋಡುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಬಾಟಲಿ ತಂದ ಕೂಡಲೇ ಲೇಬಲ್ ಮೇಲೆ ಒಂದು ಮಿಲಿಲೀಟರಿಗೆ ಎಷ್ಟು ಐಯು ಎಂದು ಓದಿಕೊಳ್ಳಿ. ಮೈಕ್ರೋಗ್ರಾಂ ಎಂದು ಬರೆದಿದ್ದರೆ 10 ಮೈಕ್ರೋಗ್ರಾಂ ಎಂದರೆ 400 ಐಯು. ಹಳೆಯ ಬಾಟಲಿ ಮುಗಿದು ಬೇರೆ ಕಂಪನಿಯದು ತಂದಾಗ ಮತ್ತೊಮ್ಮೆ ಓದಿ. ಹೆಸರು ಒಂದೇ ಇದ್ದರೂ ಪ್ರಮಾಣ ಬೇರೆ ಇರಬಹುದು. ಅದರ ಜೊತೆ ಬಂದ ಡ್ರಾಪರನ್ನೇ ಬಳಸಿ, ಇನ್ನೊಂದು ಔಷಧಿಯದನ್ನಲ್ಲ. ಮಗುವಿನ ತಲೆ ಸ್ವಲ್ಪ ಎತ್ತಿ ಹಿಡಿದು ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಹಾಲಿನ ಬಾಟಲಿಗೆ ಬೆರೆಸಿದರೆ ಮಗು ಅರ್ಧಕ್ಕೇ ಬಿಟ್ಟಾಗ ಔಷಧಿಯೂ ಅರ್ಧ ಉಳಿಯುತ್ತದೆ. ಒಂದು ದಿನ ಮರೆತರೆ ಮರುದಿನ ಎರಡರಷ್ಟು ಹಾಕಬೇಡಿ, ಎಂದಿನಷ್ಟೇ ಹಾಕಿ ಮುಂದುವರಿಸಿ. ಹಾಲಿನ ಪುಡಿ ಕುಡಿಯುವ ಮಗುವಿಗೂ ಹನಿ ಬೇಕೇ ಎಂದು ವೈದ್ಯರನ್ನು ಕೇಳಿ. ದಿನಕ್ಕೆ ಒಂದು ಲೀಟರಿನಷ್ಟು ಕುಡಿಯುವವರೆಗೆ ಪುಡಿಹಾಲಿನಿಂದಲೂ ಸಾಮಾನ್ಯವಾಗಿ 400 ತುಂಬುವುದಿಲ್ಲ.

ಆರೋಗ್ಯವಾಗಿ ಬೆಳೆಯುತ್ತಿರುವ ಮಗುವಿಗೆ ಹನಿ ಶುರುಮಾಡಲು ರಕ್ತ ಪರೀಕ್ಷೆ ಬೇಕಿಲ್ಲ. ಆದರೆ ಹಲ್ಲು, ಕೂರುವುದು, ನಿಲ್ಲುವುದು ತಡವಾಗಿದ್ದರೆ, ಮಣಿಕಟ್ಟು ದಪ್ಪ ಕಂಡರೆ ವೈದ್ಯರಿಗೆ ತೋರಿಸಿ, ನೀವಾಗಿ ಹನಿ ಹೆಚ್ಚಿಸಬೇಡಿ. ಜ್ವರವಿಲ್ಲದೆ ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಓಡಿ. ವೈದ್ಯರು 2000 ಯೂನಿಟ್ ಬರೆದುಕೊಟ್ಟರೆ ಎರಡು ವಿಷಯ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ: ಈ ಬಾಟಲಿಯಲ್ಲಿ ದಿನಕ್ಕೆ ಎಷ್ಟು ಮಿಲಿಲೀಟರ್, ಮತ್ತು ಯಾವ ತಾರೀಖಿಗೆ ತಡೆಯುವ ಪ್ರಮಾಣಕ್ಕೆ ಇಳಿಸಬೇಕು.